ಜೋಡಣೆಯೋ ಆಯ್ಕೆಯೋ: P ಹಾಕಬೇಕಾ, C ಹಾಕಬೇಕಾ ಎಂದು ತೀರ್ಮಾನಿಸುವ ಬಗೆ

ಕ್ರಮಯೋಜನೆ ಮತ್ತು ವಿಕಲ್ಪ ಪಾಠದಲ್ಲಿ ಮುಖ್ಯವಾದ ಸೂತ್ರ ಎರಡೇ. nPr ಎಂದರೆ n!/(n−r)!. ಅದನ್ನು r! ನಿಂದ ಭಾಗಿಸಿದರೆ nCr. ಇವನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಆದರೂ ಪ್ರಥಮ ಪಿಯುಸಿ ಮಕ್ಕಳಿಂದ ಹಿಡಿದು ಬ್ಯಾಂಕ್ ಪರೀಕ್ಷೆಗೆ ಓದುವವರ ತನಕ ಹೆಚ್ಚಿನವರು ತಡವರಿಸುವುದು ಒಂದೇ ಜಾಗದಲ್ಲಿ. ಈ ಪ್ರಶ್ನೆಗೆ P ಹಾಕಬೇಕಾ, C ಹಾಕಬೇಕಾ?

"ಕ್ರಮ ಮುಖ್ಯವಾದರೆ P, ಇಲ್ಲದಿದ್ದರೆ C" ಎಂದು ಎಲ್ಲ ಗೈಡುಗಳಲ್ಲೂ ಬರೆದಿರುತ್ತದೆ. ಮಾತು ಸರಿಯೇ. ಆದರೆ ಕ್ರಮ ಮುಖ್ಯವೋ ಅಲ್ಲವೋ ಅಂತ ತಿಳಿಯುವುದೇ ಇಲ್ಲಿನ ಕಷ್ಟ ಅಲ್ವಾ? ಅದನ್ನು ತಿಳಿಯಲು ನಾನು ಹೇಳಿಕೊಡುವ ದಾರಿ ಒಂದಿದೆ. ಸುಲಭದ ಪ್ರಶ್ನೆಗಳಿಂದ ಶುರು ಮಾಡಿ, ಆ ದಾರಿ ಎಲ್ಲಿ ಕೈಕೊಡುತ್ತದೆ ಅನ್ನುವವರೆಗೂ ಹೋಗೋಣ.

ಮೊದಲು ಒಂದೇ ಒಂದು ಫಲಿತಾಂಶ ಬರೆಯಿರಿ

ಪ್ರಶ್ನೆ ಓದಿದ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡಿ. "ಎಷ್ಟು ವಿಧ?" ಎಂದು ಕೇಳಿದ್ದಾರೆ. ಆ ವಿಧಗಳಲ್ಲಿ ಒಂದನ್ನು, ಬರೀ ಒಂದನ್ನು, ಹೆಸರು ಹಾಕಿ ಕಾಗದದ ಮೇಲೆ ಬರೆಯಿರಿ. ಎಲ್ಲ ಮುಗಿದ ಮೇಲೆ ಕೈಯಲ್ಲಿ ಉಳಿಯುವ ವಸ್ತು ಹೇಗಿರುತ್ತದೋ ಹಾಗೆ ಬರೆಯಬೇಕು. ಅದು ಒಂದು ಟಿಕೆಟ್ ಆಗಿರಬಹುದು, ಒಂದು ಸಮಿತಿಯ ಪಟ್ಟಿ ಆಗಿರಬಹುದು, ಒಂದು ಸಂಖ್ಯೆ ಆಗಿರಬಹುದು.

ಆಮೇಲೆ ಅದರಲ್ಲಿರುವ ಇಬ್ಬರನ್ನು ಅಥವಾ ಎರಡು ವಸ್ತುಗಳನ್ನು ಅದಲು ಬದಲು ಮಾಡಿ. ಈಗ ಸಿಕ್ಕಿದ್ದು ಹೊಸ ಫಲಿತಾಂಶವೋ, ಹಳೆಯದೇನೋ? ಹೊಸದಾದರೆ ಜೋಡಣೆ. ಹಳೆಯದೇ ಆದರೆ ಆಯ್ಕೆ.

ಒಂದು ಉದಾಹರಣೆ ನೋಡೋಣ. ಬೆಂಗಳೂರು–ಮೈಸೂರು ರೈಲು ಮಾರ್ಗದ ಐದು ನಿಲ್ದಾಣ ತೆಗೆದುಕೊಳ್ಳಿ: ಬೆಂಗಳೂರು, ರಾಮನಗರ, ಮದ್ದೂರು, ಮಂಡ್ಯ, ಮೈಸೂರು. ಇವುಗಳ ನಡುವೆ ಎಷ್ಟು ಬಗೆಯ ಒಂದು ದಾರಿಯ ಟಿಕೆಟ್ ಮುದ್ರಿಸಬೇಕು? ಒಂದು ಫಲಿತಾಂಶ ಬರೆಯೋಣ: "ರಾಮನಗರದಿಂದ ಮಂಡ್ಯ". ಅದಲು ಬದಲು ಮಾಡಿದರೆ "ಮಂಡ್ಯದಿಂದ ರಾಮನಗರ". ಮೊದಲನೆಯದು ಹಿಡಿದುಕೊಂಡು ಎರಡನೆಯ ಪ್ರಯಾಣ ಮಾಡಿದರೆ ಟಿಟಿಇ ದಂಡ ಹಾಕುತ್ತಾರೆ. ಅಂದರೆ ಇದು ಬೇರೆ ಟಿಕೆಟ್. ಜೋಡಣೆ. 5P2 = 20.

ಈಗ ಅದೇ ಐದು ನಿಲ್ದಾಣ, ಪ್ರಶ್ನೆ ಮಾತ್ರ ಬೇರೆ. ಯಾವುದೇ ಎರಡು ನಿಲ್ದಾಣಗಳ ನಡುವಿನ ದೂರವನ್ನು ಒಂದು ಪಟ್ಟಿಯಲ್ಲಿ ಬರೆಯಬೇಕು. ಎಷ್ಟು ಸಾಲು ಬೇಕು? ಒಂದು ಸಾಲು: "ರಾಮನಗರ, ಮಂಡ್ಯ, ಇಷ್ಟು ಕಿಲೋಮೀಟರ್". ಊರುಗಳನ್ನು ಅದಲು ಬದಲು ಮಾಡಿದರೆ ಅದೇ ದೂರ. ಹೊಸ ಸಾಲು ಬೇಡ. ಆಯ್ಕೆ. 5C2 = 10.

ಗಮನಿಸಿ, ಎರಡರಲ್ಲೂ ಇರುವುದು ಅದೇ ಐದು ಊರು. ಎರಡರಲ್ಲೂ "ಎರಡನ್ನು ತೆಗೆದುಕೊಳ್ಳಿ" ಎಂಬ ಕೆಲಸವೇ ಇದೆ. ವ್ಯತ್ಯಾಸ ಊರುಗಳಲ್ಲಿಲ್ಲ, ನಾವು ಏನನ್ನು ಎಣಿಸುತ್ತಿದ್ದೇವೆ ಎಂಬುದರಲ್ಲಿದೆ. ಪರೀಕ್ಷೆಗಳಲ್ಲಿ ಪದೇ ಪದೇ ಬರುವ ಹಸ್ತಲಾಘವದ ಪ್ರಶ್ನೆ ಎರಡನೆಯ ಜಾತಿಯದು. ನಾನು ನಿಮ್ಮ ಕೈ ಕುಲುಕಿದರೆ ನೀವೂ ನನ್ನ ಕೈ ಕುಲುಕಿದಂತೆಯೇ. ಆದರೆ ಹತ್ತು ಗೆಳೆಯರು ಒಬ್ಬರಿಗೊಬ್ಬರು ಹಬ್ಬದ ಕಾರ್ಡ್ ಕಳಿಸಿದರು ಎಂದರೆ ಅದು ಟಿಕೆಟ್ ಜಾತಿಗೆ ಸೇರುತ್ತದೆ. ನಾನು ನಿಮಗೆ ಕಳಿಸಿದ ಕಾರ್ಡ್ ಬೇರೆ, ನೀವು ನನಗೆ ಕಳಿಸಿದ್ದು ಬೇರೆ.

ಆಯ್ಕೆಗೆ ನನಗೆ ಇಷ್ಟವಾದ ಹಳೆಯ ಉದಾಹರಣೆ ನಮ್ಮ ನಾಡಿನ ಕಡೆಯದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಇದ್ದ ಗಣಿತಜ್ಞ ಮಹಾವೀರಾಚಾರ್ಯ n ವಸ್ತುಗಳಿಂದ r ಆರಿಸುವುದಕ್ಕೆ ಸಾಮಾನ್ಯ ನಿಯಮ ಕೊಟ್ಟಿದ್ದಾನೆ. ಅವನು ಕೇಳಿದ ಪ್ರಶ್ನೆಗಳಲ್ಲಿ ಆರು ರುಚಿಗಳನ್ನು ಬೆರೆಸುವುದೂ ಒಂದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು: ಇವುಗಳಲ್ಲಿ ಎರಡನ್ನು ಬೆರೆಸಿದರೆ ಎಷ್ಟು ಬಗೆ? ಹುಳಿಗೆ ಉಪ್ಪು ಹಾಕಿದರೂ, ಉಪ್ಪಿಗೆ ಹುಳಿ ಹಾಕಿದರೂ ನಾಲಿಗೆಗೆ ಒಂದೇ. 6C2 = 15.

ಪ್ರಶ್ನೆಯ ಕ್ರಿಯಾಪದವನ್ನು ನಂಬಬೇಡಿ

"ಆರಿಸಿ" ಎಂದಿದ್ದರೆ C, "ಜೋಡಿಸಿ" ಎಂದಿದ್ದರೆ P ಎಂದು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ನೇರವಾದ ಪ್ರಶ್ನೆಗಳಲ್ಲಿ ಇದು ನಡೆದುಬಿಡುತ್ತದೆ. ಅದಕ್ಕೇ ಇದು ಅಪಾಯದ ಅಭ್ಯಾಸ. ಪ್ರಶ್ನೆಪತ್ರಿಕೆ ಮಾಡುವವರಿಗೂ ಈ ಅಡ್ಡದಾರಿ ಗೊತ್ತಿರುತ್ತದೆ.

"10 ಸದಸ್ಯರಿರುವ ಸಂಘದಿಂದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇವರನ್ನು ಎಷ್ಟು ವಿಧದಲ್ಲಿ ಆರಿಸಬಹುದು?" ಇಲ್ಲಿ ಕ್ರಿಯಾಪದ "ಆರಿಸು". ಒಂದು ಫಲಿತಾಂಶ ಬರೆಯಿರಿ: ಅಧ್ಯಕ್ಷೆ ಗೀತಾ, ಕಾರ್ಯದರ್ಶಿ ರಾಜು, ಖಜಾಂಚಿ ಸಲ್ಮಾ. ಗೀತಾ ಮತ್ತು ಸಲ್ಮಾರನ್ನು ಅದಲು ಬದಲು ಮಾಡಿ. ಈಗ ಹಣದ ಪೆಟ್ಟಿಗೆಯ ಬೀಗದ ಕೈ ಬೇರೆಯವರ ಹತ್ತಿರ ಇದೆ. ಹೊಸ ಫಲಿತಾಂಶ. ಆದ್ದರಿಂದ 10P3 = 720. ಅದೇ ಸಂಘ ಪ್ರವಾಸಕ್ಕೆ ಮೂವರ ಸಮಿತಿ ಮಾಡಿದರೆ, ಮೂವರಿಗೂ ಒಂದೇ ಅಧಿಕಾರ. 10C3 = 120.

ಕ್ರಮ ಎಂದರೆ ಬರೀ ಸಾಲಿನಲ್ಲಿ ನಿಲ್ಲುವುದಲ್ಲ ಎಂಬುದನ್ನು ಇಲ್ಲಿ ನೋಡಬಹುದು. ಹುದ್ದೆ, ಬಹುಮಾನದ ದರ್ಜೆ, ಕೋಣೆ ಸಂಖ್ಯೆ, ಪಾಳಿ, ವಾರದ ದಿನ, ಯಾರಿಗೆ ಯಾವ ಉಡುಗೊರೆ ಎಂಬುದು: ಇವೆಲ್ಲ ಸೀಟು ಇದ್ದ ಹಾಗೆಯೇ. ಪ್ರಶ್ನೆಯಲ್ಲಿ "ಸಾಲು" ಎಂಬ ಪದವೇ ಇಲ್ಲದಿದ್ದರೂ ಇವು ಇದ್ದರೆ ಕ್ರಮ ಇದೆ. ಮೂರು ಬೇರೆ ಬೇರೆ ಪುಸ್ತಕಗಳನ್ನು ಹತ್ತು ಮಕ್ಕಳಲ್ಲಿ ಮೂವರಿಗೆ ಒಂದೊಂದು ಕೊಟ್ಟರೆ 720 ವಿಧ. ಮೂರೂ ಒಂದೇ ಪುಸ್ತಕದ ಪ್ರತಿಗಳಾದರೆ 120. ಕೊಡುವ ವಸ್ತುಗಳು ಬೇರೆ ಬೇರೆಯೋ, ಒಂದೇ ತೆರನೋ ಎಂದು ನೋಡದೆ ಮುಂದೆ ಹೋಗಬಾರದು.

ಇನ್ನು ಇದರ ತಿರುಗು ಮುರುಗು. ಇದು ಜಾಸ್ತಿ ಜನರನ್ನು ಬೀಳಿಸುತ್ತದೆ. "1 ರಿಂದ 9 ರವರೆಗಿನ ಅಂಕಿಗಳಿಂದ, ಅಂಕಿಗಳು ಎಡದಿಂದ ಬಲಕ್ಕೆ ಏರುತ್ತಾ ಹೋಗುವ ಎಷ್ಟು ಮೂರಂಕಿಯ ಸಂಖ್ಯೆಗಳನ್ನು ಬರೆಯಬಹುದು?" ಸಂಖ್ಯೆ ಎಂದ ಕೂಡಲೇ ಕೈ P ಕಡೆ ಹೋಗುತ್ತದೆ. 257 ಬೇರೆ, 725 ಬೇರೆ, ಕ್ರಮ ಮುಖ್ಯ ತಾನೇ?

ಅದಲು ಬದಲು ಮಾಡಿಯೇ ನೋಡಿ. 257 ನಮ್ಮ ಫಲಿತಾಂಶ. 2 ಮತ್ತು 7 ಅದಲು ಬದಲಾದರೆ 752. ಇದು ಹಳೆಯದಲ್ಲ, ನಿಜ. ಆದರೆ ಹೊಸ ಫಲಿತಾಂಶವೂ ಅಲ್ಲ. ಏರುಕ್ರಮದ ಷರತ್ತು ಮುರಿದು ಹೋಗಿದೆ, ಹಾಗಾಗಿ ಇದು ಲೆಕ್ಕಕ್ಕೇ ಬರುವುದಿಲ್ಲ. 2, 5, 7 ಎಂಬ ಮೂರು ಅಂಕಿಗಳನ್ನು ಆರು ರೀತಿ ಬರೆಯಬಹುದಾದರೂ ಷರತ್ತಿಗೆ ಒಪ್ಪುವುದು ಒಂದೇ ಒಂದು. ಯಾವ ಮೂರು ಅಂಕಿ ಎಂದು ತೀರ್ಮಾನವಾದರೆ ಸಂಖ್ಯೆಯೂ ತೀರ್ಮಾನವಾಯಿತು. ನಮಗೆ ಉಳಿದ ಕೆಲಸ ಆಯ್ಕೆ ಮಾತ್ರ. 9C3 = 84.

ಆದ್ದರಿಂದ ನಮ್ಮ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳೋಣ. ಕ್ರಮ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಆ ಕ್ರಮವನ್ನು ತೀರ್ಮಾನಿಸುವ ಸ್ವಾತಂತ್ರ್ಯ ನಮಗಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಬೇಕು. ಐದು ಜನರನ್ನು ಎತ್ತರದ ಪ್ರಕಾರವೇ ನಿಲ್ಲಿಸಬೇಕು ಎಂದರೆ, ಎಲ್ಲರ ಎತ್ತರ ಬೇರೆ ಬೇರೆ ಇದ್ದರೆ, ಜೋಡಿಸುವ ಕೆಲಸ ನಮ್ಮ ಕೈಯಲ್ಲಿಲ್ಲ. ಪ್ರಶ್ನೆಯೇ ಅದನ್ನು ಮಾಡಿಕೊಟ್ಟಿದೆ.

ಇದೇ ಅಂಕಿಗಳಿಂದ ಇಳಿಯುತ್ತಾ ಹೋಗುವ ಸಂಖ್ಯೆ ಕೇಳಿದರೆ ಏನಾಗುತ್ತದೆ? ಆಗಲೂ 84. ಆದರೆ 0 ಯನ್ನೂ ಸೇರಿಸಿ 0 ಯಿಂದ 9 ರವರೆಗೆ ಎಂದರೆ ಎರಡೂ ಬೇರೆಯಾಗುತ್ತವೆ. ಇಳಿಯುವ ಸಂಖ್ಯೆಯಲ್ಲಿ 0 ಕೊನೆಯಲ್ಲಿ ಬರುತ್ತದೆ, ತೊಂದರೆ ಇಲ್ಲ, 10C3 = 120. ಏರುವ ಸಂಖ್ಯೆಯಲ್ಲಿ 0 ಮೊದಲೇ ಬರಬೇಕು, ಆಗ ಅದು ಮೂರಂಕಿಯ ಸಂಖ್ಯೆಯಾಗಿ ಉಳಿಯುವುದಿಲ್ಲ. ಅಲ್ಲಿ ಉತ್ತರ 84 ರಲ್ಲೇ ನಿಲ್ಲುತ್ತದೆ.

ಎರಡೂ ಇರುವ ಪ್ರಶ್ನೆ

ಆಯ್ಕೆ ಮತ್ತು ಜೋಡಣೆ ಒಂದೇ ಪ್ರಶ್ನೆಯಲ್ಲಿ ಬಂದಾಗ ಕೆಲಸವನ್ನು ಎರಡು ಹಂತ ಮಾಡಿಕೊಳ್ಳುವುದು ಒಳ್ಳೆಯದು. ಮೊದಲು ಯಾರ್ಯಾರು ಎಂದು ತೀರ್ಮಾನಿಸಿ. ಆಮೇಲೆ ಯಾರು ಎಲ್ಲಿ ಎಂದು ತೀರ್ಮಾನಿಸಿ. ಹೀಗೆ ಮಾಡಿದರೆ P ಎಂಬ ಸೂತ್ರವೇ ಬೇಕಾಗುವುದಿಲ್ಲ. C ಯಿಂದ ಆರಿಸಿ, ಫ್ಯಾಕ್ಟೋರಿಯಲ್‌ನಿಂದ ಜೋಡಿಸಿದರೆ ಆಯಿತು.

ಒಂದು ತರಗತಿಯಲ್ಲಿ 7 ಹುಡುಗರು, 5 ಹುಡುಗಿಯರು. 2 ಹುಡುಗರನ್ನೂ 2 ಹುಡುಗಿಯರನ್ನೂ ಆರಿಸಿ, ನಾಲ್ವರನ್ನೂ ವೇದಿಕೆಯ ಮೇಲೆ ಒಂದು ಸಾಲಿನಲ್ಲಿ ಕೂರಿಸಬೇಕು. ಎಷ್ಟು ವಿಧ?

ಯಾರ್ಯಾರು: ಹುಡುಗರಿಗೆ 7C2 = 21, ಹುಡುಗಿಯರಿಗೆ 5C2 = 10. ಗುಣಿಸಿದರೆ 210 ಗುಂಪು. ಯಾರು ಎಲ್ಲಿ: ನಾಲ್ಕು ಜನ ನಾಲ್ಕು ಕುರ್ಚಿಯಲ್ಲಿ 4! = 24. ಒಟ್ಟು 210 × 24 = 5040.

ಇಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಉತ್ತರ 840. "ಸಾಲು ಇದೆ, ಹಾಗಾದರೆ P" ಎಂದುಕೊಂಡು 7P2 × 5P2 = 42 × 20 ಮಾಡಿದರೆ ಅದು ಬರುತ್ತದೆ. ತಪ್ಪು ಎಂದು ಕೆಂಪು ಗೆರೆ ಎಳೆದು ಬಿಡುವ ಬದಲು, 840 ಏನನ್ನು ಎಣಿಸುತ್ತಿದೆ ಎಂದು ಕೇಳಿದರೆ ವಿಷಯ ತಿಳಿಯಾಗುತ್ತದೆ. 7P2 ಹುಡುಗರಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಹೇಳುತ್ತದೆ. 5P2 ಹುಡುಗಿಯರಲ್ಲಿ ಯಾರು ಮೊದಲು ಎಂದು ಹೇಳುತ್ತದೆ. ಆದರೆ ನಾಲ್ಕು ಕುರ್ಚಿಗಳಲ್ಲಿ ಹುಡುಗರ ಕುರ್ಚಿ ಯಾವುವು ಎಂದು ಎರಡೂ ಹೇಳುವುದಿಲ್ಲ. ನಾಲ್ಕರಲ್ಲಿ ಎರಡು ಕುರ್ಚಿಯನ್ನು ಹುಡುಗರಿಗೆ ಬಿಡಲು 4C2 = 6 ದಾರಿ. 840 × 6 = 5040. ಎರಡು ದಾರಿಯೂ ಒಂದೇ ಕಡೆ ಸೇರಿದವು.

ಇನ್ನೊಂದು ಮಾತು. ಅದೇ ಪ್ರಶ್ನೆಯಲ್ಲಿ "ಹುಡುಗರು ಎಡಗಡೆ, ಹುಡುಗಿಯರು ಬಲಗಡೆ" ಎಂಬ ಷರತ್ತು ಇದ್ದಿದ್ದರೆ 840 ಸರಿಯಾದ ಉತ್ತರವೇ. ಅಂದರೆ ತಪ್ಪು ಉತ್ತರ ಎಂದರೆ ಬಹಳ ಸಲ ಬೇರೆ ಯಾವುದೋ ಪ್ರಶ್ನೆಯ ಸರಿ ಉತ್ತರ. ಆ ಪ್ರಶ್ನೆ ಯಾವುದು ಎಂದು ಹುಡುಕುವುದು ಈ ಪಾಠಕ್ಕೆ ಬಹಳ ಒಳ್ಳೆಯ ಅಭ್ಯಾಸ.

"ಕನಿಷ್ಠ" ಎಂದಾಗ ಕದ್ದು ನುಗ್ಗುವ ಕ್ರಮ

ಈಗ ಹೇಳುವುದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ಇಲ್ಲಿ C ಹಾಕಬೇಕು ಎಂದು ಎಲ್ಲರಿಗೂ ಗೊತ್ತಿರುತ್ತದೆ, C ಯನ್ನೇ ಹಾಕುತ್ತಾರೆ, ಆದರೂ ಉತ್ತರ ತಪ್ಪುತ್ತದೆ.

6 ಪುರುಷರು, 4 ಮಹಿಳೆಯರು ಇದ್ದಾರೆ. ಐವರ ಸಮಿತಿ ಮಾಡಬೇಕು. ಕನಿಷ್ಠ ಇಬ್ಬರು ಮಹಿಳೆಯರು ಇರಲೇಬೇಕು. ಎಷ್ಟು ವಿಧ?

ಮನಸ್ಸಿಗೆ ಥಟ್ಟನೆ ಹೊಳೆಯುವ ದಾರಿ ಇದು: ಮೊದಲು ಇಬ್ಬರು ಮಹಿಳೆಯರನ್ನು ಆರಿಸಿ ಷರತ್ತು ಪೂರೈಸೋಣ, 4C2 = 6. ಈಗ ಉಳಿದವರು ಎಂಟು ಜನ. ಅವರಲ್ಲಿ ಯಾರಾದರೂ ಮೂವರು ಬರಲಿ, 8C3 = 56. ಒಟ್ಟು 336.

ಇದು ತಪ್ಪು ಎಂದು ತಿಳಿಯಲು ಒಂದು ನಿಮಿಷ ಸಾಕು. ಯಾವ ಷರತ್ತೂ ಇಲ್ಲದೆ ಹತ್ತು ಜನರಲ್ಲಿ ಐವರನ್ನು ಆರಿಸುವ ವಿಧ 10C5 = 252. ಷರತ್ತು ಹಾಕಿದ ಮೇಲೆ ಸಮಿತಿಗಳು ಕಡಿಮೆಯಾಗಬೇಕೇ ಹೊರತು ಜಾಸ್ತಿಯಾಗಲು ಸಾಧ್ಯವೇ ಇಲ್ಲ. "ಕನಿಷ್ಠ" ಇರುವ ಯಾವುದೇ ಪ್ರಶ್ನೆಯಲ್ಲಿ ಈ ಒಟ್ಟು ಸಂಖ್ಯೆಯನ್ನು ಮೊದಲೇ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. ತಪ್ಪು ಉತ್ತರ 252 ಕ್ಕಿಂತ ಕಡಿಮೆ ಬಂದರೆ ಈ ಪರೀಕ್ಷೆಗೆ ಅದು ಸಿಗುವುದಿಲ್ಲ.

ಎಲ್ಲಿ ತಪ್ಪಿತು? ಒಂದು ಸಮಿತಿ ಬರೆದು ನೋಡೋಣ. ಅದರಲ್ಲಿ ಮೂವರು ಮಹಿಳೆಯರು ಇರಲಿ: ಉಮಾ, ವಾಣಿ, ರೇಖಾ, ಜೊತೆಗೆ ಇಬ್ಬರು ಪುರುಷರು. ಮೇಲಿನ ದಾರಿಯಲ್ಲಿ ಈ ಸಮಿತಿ ಹೇಗೆ ಸಿಗುತ್ತದೆ? ಮೊದಲ ಹಂತದಲ್ಲಿ ಉಮಾ ಮತ್ತು ವಾಣಿ ಬಂದು, ಎರಡನೆಯ ಹಂತದಲ್ಲಿ ರೇಖಾ ಬರಬಹುದು. ಅಥವಾ ಮೊದಲು ಉಮಾ ಮತ್ತು ರೇಖಾ, ಆಮೇಲೆ ವಾಣಿ. ಅಥವಾ ಮೊದಲು ವಾಣಿ ಮತ್ತು ರೇಖಾ, ಆಮೇಲೆ ಉಮಾ. ಸಮಿತಿ ಒಂದೇ, ಎಣಿಸಿದ್ದು ಮೂರು ಸಲ. "ಷರತ್ತಿಗಾಗಿ ಬಂದವರು" ಮತ್ತು "ಆಮೇಲೆ ಬಂದವರು" ಎಂದು ನಾವೇ ಎರಡು ಹುದ್ದೆ ಹುಟ್ಟಿಸಿದ್ದೇವೆ. ಪ್ರಶ್ನೆಯಲ್ಲಿ ಅಂಥ ಹುದ್ದೆ ಇಲ್ಲ. ಉಮಾ ಮತ್ತು ರೇಖಾರನ್ನು ಈ ಎರಡು ಹಂತಗಳ ನಡುವೆ ಅದಲು ಬದಲು ಮಾಡಿದರೆ ಸಮಿತಿ ಬದಲಾಗುವುದಿಲ್ಲ, ಆದರೆ ನಮ್ಮ ಎಣಿಕೆ ಅದನ್ನು ಹೊಸದು ಎಂದುಕೊಳ್ಳುತ್ತದೆ.

ಸರಿಯಾದ ದಾರಿ ಎಂದರೆ ಮಹಿಳೆಯರ ಸಂಖ್ಯೆ ಸರಿಯಾಗಿ ಎಷ್ಟು ಎಂದು ಬಿಡಿಸಿಕೊಳ್ಳುವುದು. ಸರಿಯಾಗಿ ಇಬ್ಬರು: 4C2 × 6C3 = 6 × 20 = 120. ಸರಿಯಾಗಿ ಮೂವರು: 4C3 × 6C2 = 4 × 15 = 60. ನಾಲ್ವರೂ: 1 × 6 = 6. ಕೂಡಿದರೆ 186.

ಬೇರೆ ದಾರಿಯಲ್ಲಿ ತಾಳೆ ನೋಡಿ. ಒಟ್ಟು 252 ರಲ್ಲಿ ಮಹಿಳೆಯರೇ ಇಲ್ಲದವು 6C5 = 6, ಒಬ್ಬರೇ ಇರುವವು 4 × 6C4 = 60. ಕಳೆದರೆ 186. ಸರಿ ಹೋಯಿತು.

336 ಎಲ್ಲಿಂದ ಬಂತು ಎಂಬುದೂ ಈಗ ಚೊಕ್ಕವಾಗಿ ಕಾಣುತ್ತದೆ. ಇಬ್ಬರು ಮಹಿಳೆಯರಿರುವ 120 ಸಮಿತಿಗಳನ್ನು ಒಂದೊಂದು ಸಲ ಎಣಿಸಿದ್ದೇವೆ. ಮೂವರಿರುವ 60 ನ್ನು ಮೂರು ಮೂರು ಸಲ, ಅದು 180. ನಾಲ್ವರಿರುವ 6 ನ್ನು ಆರಾರು ಸಲ, ಏಕೆಂದರೆ ನಾಲ್ವರಲ್ಲಿ "ಮೊದಲು ಬಂದ" ಇಬ್ಬರು ಯಾರು ಎನ್ನಲು 4C2 = 6 ದಾರಿ. ಅದು 36. ಕೂಡಿಸಿ ನೋಡಿ: 120 + 180 + 36 = 336.

ಬೇರೆ ಬೇರೆ ಸಮಿತಿ ಬೇರೆ ಬೇರೆ ಸಲ ಎಣಿಕೆಯಾಗಿರುವುದರಿಂದ, 336 ನ್ನು ಯಾವುದೋ ಒಂದು ಸಂಖ್ಯೆಯಿಂದ ಭಾಗಿಸಿ ಸರಿ ಮಾಡಿಬಿಡುತ್ತೇನೆ ಎಂದರೆ ಆಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಗುಂಪುಗಳಿಗೆ ಹೆಸರಿದೆಯೇ?

ಇಲ್ಲಿಯವರೆಗೆ ಜನರನ್ನು ಅದಲು ಬದಲು ಮಾಡಿದೆವು. ಗುಂಪು ಮಾಡುವ ಪ್ರಶ್ನೆಗಳಲ್ಲಿ ಇಡೀ ಗುಂಪುಗಳನ್ನೇ ಅದಲು ಬದಲು ಮಾಡಿ ನೋಡಬೇಕು.

ಆರು ಮಕ್ಕಳನ್ನು ಮೂರು ಮೂರು ಜನರ ಎರಡು ಗುಂಪು ಮಾಡಬೇಕು. 6C3 = 20 ಎಂದು ಬರೆದರೆ ಮೊದಲ ಗುಂಪು ಸಿಕ್ಕಿತು, ಉಳಿದ ಮೂವರು ತಾವಾಗಿಯೇ ಎರಡನೆಯ ಗುಂಪಾದರು. ಆದರೆ "ಮೊದಲ ಗುಂಪು" ಎಂದು ಪ್ರಶ್ನೆ ಹೇಳಿದೆಯೇ? ಮಕ್ಕಳಿಗೆ 1 ರಿಂದ 6 ಸಂಖ್ಯೆ ಕೊಡಿ. ಒಂದು ಫಲಿತಾಂಶ: 123 ಒಂದು ಕಡೆ, 456 ಇನ್ನೊಂದು ಕಡೆ. ಗುಂಪುಗಳನ್ನು ಅದಲು ಬದಲು ಮಾಡಿದರೆ 456 ಒಂದು ಕಡೆ, 123 ಇನ್ನೊಂದು ಕಡೆ. ಸುಮ್ನೆ ಆಟವಾಡಲು ಎರಡು ಪಾಳೆಯ ಮಾಡಿಕೊಂಡಿದ್ದರೆ ಇವೆರಡೂ ಒಂದೇ. ಉತ್ತರ 20/2 = 10. ಒಂದು ಗುಂಪು ಪ್ರಬಂಧ ಬರೆಯಬೇಕು, ಇನ್ನೊಂದು ಚಿತ್ರ ಬಿಡಿಸಬೇಕು ಎಂದರೆ ಎರಡೂ ಬೇರೆ. ಉತ್ತರ 20.

ಗುಂಪಿನ ಗಾತ್ರ ಬೇರೆಯಾದರೆ ಈ ಭಾಗಾಕಾರ ಬೇಡ. ಆರು ಜನರನ್ನು ನಾಲ್ವರ ಒಂದು ಗುಂಪು, ಇಬ್ಬರ ಒಂದು ಗುಂಪು ಮಾಡಿದರೆ 6C4 = 15, ಅಷ್ಟೇ. ನಾಲ್ವರ ಗುಂಪು ಇಬ್ಬರ ಗುಂಪಿನ ಜಾಗಕ್ಕೆ ಬರಲು ಆಗುವುದೇ ಇಲ್ಲ. ಗಾತ್ರವೇ ಅವುಗಳ ಹೆಸರು. ಒಂದೇ ಗಾತ್ರದ, ಹೆಸರಿಲ್ಲದ ಗುಂಪುಗಳು k ಇದ್ದರೆ ಮಾತ್ರ k! ನಿಂದ ಭಾಗಿಸಿ. ಆರು ಜನರನ್ನು ಮೂರು ಜೋಡಿ ಮಾಡುವುದು ಇದಕ್ಕೆ ಸರಿಯಾದ ಉದಾಹರಣೆ: 6C2 × 4C2 × 2C2 = 15 × 6 × 1 = 90, ಜೋಡಿಗಳಿಗೆ ಹೆಸರಿಲ್ಲದ್ದರಿಂದ 3! ನಿಂದ ಭಾಗಿಸಿ 15.

ಇದನ್ನು ಬೇರೆ ರೀತಿಯಲ್ಲೂ ತಾಳೆ ನೋಡಬಹುದು. 1ನೇ ಮಗುವಿಗೆ ಜೊತೆಗಾರ ಯಾರು? ಐದು ದಾರಿ. ಉಳಿದ ನಾಲ್ವರಲ್ಲಿ ಚಿಕ್ಕ ಸಂಖ್ಯೆಯ ಮಗುವಿಗೆ ಜೊತೆಗಾರ ಯಾರು? ಮೂರು ದಾರಿ. ಕೊನೆಯ ಇಬ್ಬರಿಗೆ ಬೇರೆ ದಾರಿಯಿಲ್ಲ. 5 × 3 × 1 = 15. ಇಲ್ಲಿ ಭಾಗಾಕಾರವೇ ಬರಲಿಲ್ಲ, ಏಕೆಂದರೆ ಯಾರಿಂದ ಶುರು ಮಾಡಬೇಕು ಎಂಬುದನ್ನು ನಾವೇ ಗೊತ್ತು ಮಾಡಿಬಿಟ್ಟೆವು. ಗುಂಪುಗಳು ಅದಲು ಬದಲಾಗಲು ಅವಕಾಶವೇ ಉಳಿಯಲಿಲ್ಲ.

ಪ್ರಶ್ನೆಯೇ ಅಸ್ಪಷ್ಟವಾಗಿದ್ದರೆ? ಅಂಥವೂ ಬರುತ್ತವೆ. "ಎರಡು ತಂಡಗಳಾಗಿ ವಿಂಗಡಿಸಿ" ಎಂದಷ್ಟೇ ಇದ್ದರೆ ಹೆಸರಿಲ್ಲ ಎಂದೇ ತೆಗೆದುಕೊಳ್ಳಿ. ತಂಡ A, ತಂಡ B ಎಂದಿದ್ದರೆ, ಅಥವಾ ಒಂದೊಂದು ತಂಡಕ್ಕೆ ಬೇರೆ ಬೇರೆ ಕೆಲಸ, ಕೋಣೆ, ಬಣ್ಣ ಕೊಟ್ಟಿದ್ದರೆ ಹೆಸರಿದೆ ಎಂದೇ ಲೆಕ್ಕ. ವಿವರವಾಗಿ ಬರೆಯುವ ಪರೀಕ್ಷೆಯಲ್ಲಾದರೆ ಯಾವ ಅರ್ಥ ಹಿಡಿದಿದ್ದೀರಿ ಎಂದು ಒಂದು ಸಾಲು ಬರೆದು ಮುಂದೆ ಹೋಗಿ.

r! ನಿಂದ ಭಾಗಿಸುವುದು ಎಲ್ಲಿ ಕೈಕೊಡುತ್ತದೆ

nPr ನ್ನು r! ನಿಂದ ಭಾಗಿಸಿದರೆ nCr ಏಕೆ ಬರುತ್ತದೆ? ಪ್ರತಿಯೊಂದು ಆಯ್ಕೆಯನ್ನೂ ಸರಿಯಾಗಿ r! ರೀತಿಯಲ್ಲಿ ಜೋಡಿಸಬಹುದು ಎಂಬ ಒಂದೇ ಕಾರಣಕ್ಕೆ. ಎಲ್ಲ ಆಯ್ಕೆಗಳೂ ಸಮಾನವಾಗಿ ಎಣಿಕೆಯಾಗಿವೆ, ಆದ್ದರಿಂದ ಭಾಗಾಕಾರ ಸರಿ. ವಸ್ತುಗಳು ಎರಡೆರಡು ಸಲ ಬರಬಹುದು ಎಂದಾದ ಕೂಡಲೇ ಈ ಆಧಾರ ಕುಸಿಯುತ್ತದೆ.

ಅಂಗಡಿಯಲ್ಲಿ ನಾಲ್ಕು ಬಗೆಯ ಸಿಹಿ ಇದೆ: ಮೈಸೂರು ಪಾಕ್, ಜಿಲೇಬಿ, ಪೇಡ, ಲಾಡು. ಒಂದು ಡಬ್ಬಿಗೆ ಮೂರು ತುಂಡು ಹಾಕಿಸಬೇಕು. ಒಂದೇ ಬಗೆಯನ್ನು ಎಷ್ಟು ಬೇಕಾದರೂ ಹಾಕಿಸಬಹುದು. ಎಷ್ಟು ಬಗೆಯ ಡಬ್ಬಿ?

ಅದಲು ಬದಲು ಪರೀಕ್ಷೆ ಇಲ್ಲೂ ಸರಿಯಾಗಿಯೇ ಹೇಳುತ್ತದೆ: ಡಬ್ಬಿಯೊಳಗೆ ಪೇಡ ಮತ್ತು ಲಾಡು ಜಾಗ ಬದಲಿಸಿದರೆ ಡಬ್ಬಿ ಅದೇ. ಆಯ್ಕೆ. ಹಾಗೆಂದು 4C3 = 4 ಎಂದರೆ ಎರಡು ಪೇಡ ಒಂದು ಲಾಡು ಇರುವ ಡಬ್ಬಿ ಬಿಟ್ಟೇಹೋಯಿತು. ಸರಿ, ಕ್ರಮವಿಟ್ಟು ಎಣಿಸಿ ಆಮೇಲೆ ಭಾಗಿಸೋಣ ಎಂದುಕೊಂಡರೆ 4 × 4 × 4 = 64, ಅದನ್ನು 3! = 6 ರಿಂದ ಭಾಗಿಸಬೇಕು. 64 ಆರರಿಂದ ಭಾಗವಾಗುವುದೇ ಇಲ್ಲ! ವಿಧಗಳ ಸಂಖ್ಯೆ ಭಿನ್ನರಾಶಿಯಲ್ಲಿ ಬಂದರೆ, ಎಲ್ಲೋ ಅಸಮಾನ ಎಣಿಕೆ ನಡೆದಿದೆ ಎಂದೇ ಅರ್ಥ.

ಬಿಡಿಸಿ ನೋಡಿದರೆ ಕಾರಣ ಸಿಗುತ್ತದೆ. ಮೂರೂ ಒಂದೇ ಬಗೆ ಇರುವ ಡಬ್ಬಿಗಳು 4. ಇವು 64 ರಲ್ಲಿ ಒಂದೊಂದು ಸಲ ಬಂದಿವೆ. ಎರಡು ಒಂದು ಬಗೆ, ಮೂರನೆಯದು ಬೇರೆ ಬಗೆ: ಎರಡು ಸಲ ಬರುವ ಸಿಹಿಗೆ 4 ದಾರಿ, ಒಂಟಿ ಸಿಹಿಗೆ 3 ದಾರಿ, ಒಟ್ಟು 12 ಡಬ್ಬಿ. ಇವು ಮೂರು ಮೂರು ಸಲ ಬಂದಿವೆ. ಮೂರೂ ಬೇರೆ ಬೇರೆ ಇರುವವು 4C3 = 4. ಇವು ಮಾತ್ರ ಆರಾರು ಸಲ. 4 + 36 + 24 = 64, ಲೆಕ್ಕ ಕೂಡಿತು. ಡಬ್ಬಿಗಳನ್ನು ಒಂದೊಂದೇ ಸಲ ಎಣಿಸಿದರೆ 4 + 12 + 4 = 20.

ಎರಡನೆಯ ಸಾಲಿನ 12 ನ್ನು ಇನ್ನೊಮ್ಮೆ ನೋಡಿ. ಅಲ್ಲಿ ನಾವು ಹಾಕಿದ್ದು 4 × 3, ಅಂದರೆ 4P2. ಇಡೀ ಪ್ರಶ್ನೆ ಆಯ್ಕೆಯದು, ಆದರೂ ಒಳಗೆ ಒಂದು ಜೋಡಣೆ ಕೂತಿದೆ. ಏಕೆಂದರೆ "ಎರಡು ಪೇಡ, ಒಂದು ಲಾಡು" ಇದರಲ್ಲಿ ಬಗೆಗಳನ್ನು ಅದಲು ಬದಲು ಮಾಡಿದರೆ "ಎರಡು ಲಾಡು, ಒಂದು ಪೇಡ" ಆಗುತ್ತದೆ, ಅದು ಬೇರೆಯದೇ ಡಬ್ಬಿ. ಇಲ್ಲಿ 4C2 = 6 ಎಂದು ಹಾಕಿ ಒಟ್ಟು 14 ಎಂದು ಬರೆಯುವವರು ಬೇಕಾದಷ್ಟು ಜನ. ಪ್ರಶ್ನೆ ಆಯ್ಕೆಯದು ಎಂದು ಶುರುವಿನಲ್ಲಿ ಒಮ್ಮೆ ತೀರ್ಮಾನಿಸಿದರೆ ಸಾಲದು. ಪ್ರಶ್ನೆಯನ್ನು ತುಂಡು ಮಾಡಿದಾಗ ಪ್ರತಿ ತುಂಡಿನಲ್ಲೂ ಒಂದು ಫಲಿತಾಂಶ ಬರೆದು, ಅದಲು ಬದಲು ಮಾಡಿ, ಮತ್ತೆ ಕೇಳಬೇಕು.